ಗಡಿಯಾರ ಕಂಬದಲ್ಲಿ ನಿಲ್ಲದ ಬಸ್ಸು

ರೈಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಈಗ ಪಿಂಚಣಿ ಕಚೇರಿಯವರು ಬಿಟ್ಟರೆ ಇನ್ಯಾರೂ ಬಳಸುವುದಿಲ್ಲ. ಆಯುಷ್ಯವೆಲ್ಲ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆದ ಮನುಷ್ಯ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಎಲ್ಲಾದರೂ ಬಾಗಿಲು ಧಡಾರನೆ ಮುಚ್ಚಿಕೊಂಡರೆ ಸಾಕು, ಅವನ ಬಾಯಿಂದ ‘ರೈಟ್’ ಅಂತ ಹೊರಟೇ ಹೊರಡುತ್ತಿತ್ತು. ಫ್ರಿಜ್ಜಿನ ಬಾಗಿಲಿಗೂ ಹೊರಡುತ್ತಿತ್ತು. ಬೆಳಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯ ಮುಂದೆ ನಿಂತು ತನ್ನ ಹಳೆಯ ರೂಟಿನ ಸ್ಟಾಪುಗಳನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದ: ‘ಮಾರ್ಕೆಟ್, ಪೋಸ್ಟಾಫೀಸು, ಹೈಸ್ಕೂಲು, ಗಡಿಯಾರ ಕಂಬ, ಗಡಿಯಾರ ಕಂಬ, ಇಳಿಯೋರು ಮುಂದೆ ಬನ್ನಿ.’ ಕೇಳಿದರೆ ‘ನಾನೆಲ್ಲಿ ಕೂಗಿದೆ?’ ಅನ್ನುತ್ತಿದ್ದ. ಸುಳ್ಳಲ್ಲ, ಪಾಪ. ಕೂಗಿದ್ದು ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಅವನಿಗೆ ಒಂದು ಹೆಮ್ಮೆ ಇತ್ತು, ಅದನ್ನು ಹೇಳದಿದ್ದರೆ ಅವನ ಕಥೆ ಹೇಳಿದಂತಾಗುವುದಿಲ್ಲ. ಡಿಪೋದಲ್ಲಿ ಬೀಡಿ, ಸಿಗರೇಟು, ಇಸ್ಪೀಟು, ಬಾಟಲಿ ಎಲ್ಲ ಇತ್ತು. ಇವನೊಬ್ಬ ಮಾತ್ರ ಯಾವುದನ್ನೂ ಮುಟ್ಟಿರಲಿಲ್ಲ. ಮುಟ್ಟದೆ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮುಟ್ಟಿದವರಿಗೆ ಉಪದೇಶ ಮಾಡುತ್ತಿದ್ದ. ‘ಚಟ ಅನ್ನೋದು ಮನಸ್ಸು ಸಡಿಲ ಇರೋರಿಗೆ. ಇವತ್ತು ಬಿಡ್ತೀನಿ ಅಂದ್ರೆ ಇವತ್ತೇ ಬಿಡಬಹುದು.’ ಮನೆಗೂ ಒಂದು ಕಾನೂನು ಮಾಡಿದ್ದ: ಚಟ ಇರೋರಿಗೆ ಈ ಮನೇಲಿ ಜಾಗ ಇಲ್ಲ.

ಈ ಕಾನೂನು ಹುಟ್ಟಿದ್ದೇ ಹೆಂಡತಿಯ ತಮ್ಮನಿಗಾಗಿ. ಬಾಮೈದ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಒಳ್ಳೆಯ ಮಾತಿತ್ತು, ಸಂಜೆಯಾದರೆ ಎರಡೂ ಕುಡಿತಕ್ಕೆ ಹೋಗುತ್ತಿದ್ದವು. ಗಡಿಯಾರ ಕಂಬದ ಹೆಂಡದಂಗಡಿಯ ಮೇಲೆಯೇ ಅವನ ಬಾಡಿಗೆ ಕೋಣೆ. ಹಿಂದೊಮ್ಮೆ ಇವರ ಮನೆಗೆ ಬಂದು ನಡುಗುವ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ‘ಬೇಕು ಅಕ್ಕಾ, ನಂಗೆ ಬೇಕು’ ಅಂತ ಅತ್ತಿದ್ದ. ರೈಟಣ್ಣ ಅವನನ್ನು ಮೆಟ್ಟಿಲಿಳಿಸಿ ಬಾಗಿಲು ಹಾಕಿದ್ದ. ಬಾಗಿಲು ಮುಚ್ಚಿದ ಸದ್ದಿಗೆ ಅಭ್ಯಾಸಬಲದಿಂದ ‘ರೈಟ್’ ಅಂತಲೂ ಅಂದಿದ್ದ. ಆ ‘ರೈಟ್’ ಅನ್ನು ಹೆಂಡತಿ ಇವತ್ತಿನವರೆಗೂ ಕ್ಷಮಿಸಿರಲಿಲ್ಲ.

ಈಗ ಆ ತಮ್ಮ ದೊಡ್ಡಾಸ್ಪತ್ರೆಯ ಹಿಂಭಾಗದ ವ್ಯಸನಮುಕ್ತಿ ವಾರ್ಡಿನಲ್ಲಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು, ಬಿಡುಗಡೆ ಹತ್ತಿರ ಬಂದಿತ್ತು. ಡಾಕ್ಟರಮ್ಮ ಒಂದೇ ಮಾತು ಹೇಳಿದ್ದರು: ಆ ಹೆಂಡದಂಗಡಿ ಮೇಲಿನ ಕೋಣೆಗೆ ಮಾತ್ರ ವಾಪಸ್ ಹೋಗಬಾರದು. ಹಾಗಾದರೆ ಎಲ್ಲಿಗೆ ಹೋಗಬೇಕು? ಅಕ್ಕನ ಮನೆಯೊಂದೇ ಇತ್ತು. ಅಕ್ಕನ ಮನೆಗೆ ಕಾನೂನಿತ್ತು.

ಹೆಂಡತಿ ಬೇಡಿಕೊಂಡಳು, ಸಿಟ್ಟು ಮಾಡಿಕೊಂಡಳು, ಮಾತು ಬಿಟ್ಟಳು. ರೈಟಣ್ಣ ಜಪ್ಪಯ್ಯ ಅನ್ನಲಿಲ್ಲ.

ಇಷ್ಟು ಹೊತ್ತಿಗೆ ಅವನೂ ಹಾಸಿಗೆ ಹಿಡಿದು ಎದ್ದವನೇ. ಜೀವಮಾನವೆಲ್ಲ ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಬೀಳದವನು, ಸ್ಟೂಲ್ ಹತ್ತಿ ಫ್ಯಾನ್ ಒರೆಸಲು ಹೋಗಿ ದೊಪ್ಪನೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಹಾಕಿದ ಸರಳು ಸರಿಯಾಗಿ ಕೂರದೆ ಮತ್ತೊಮ್ಮೆ ಕುಯ್ಯಬೇಕಾಯಿತು. ಸಾಮಾನ್ಯ ಮಾತ್ರೆಗಳಿಗೆ ಆ ನೋವು ಬಗ್ಗಲಿಲ್ಲ. ಮೂಳೆ ಡಾಕ್ಟರು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯವನು ಕೊಡುವಾಗ ‘ಇದು ಅಫೀಮಿನ ಕುಲದ್ದು ಯಜಮಾನ್ರೇ, ಜೋಪಾನ’ ಅಂದ. ರೈಟಣ್ಣ ಬರೆದಷ್ಟೇ, ಹೇಳಿದ ಹೊತ್ತಿಗೇ ನುಂಗಿದ. ವಾಕರ್ ಹಿಡಿದು ನಡೆಯುವಂತಾದ. ವಾರಗಳು ಹಾಗೆಯೇ ಉರುಳಿದವು.

ಒಂದು ದಿನ ಅಂಗಡಿಯಲ್ಲಿ ಮಾತ್ರೆ ಮುಗಿದಿತ್ತು, ನಾಳೆ ಬನ್ನಿ ಅಂದರು. ಸಂಜೆಯ ಹೊತ್ತಿಗೆ ರೈಟಣ್ಣನಿಗೆ ಆಕಳಿಕೆ ಮೇಲೆ ಆಕಳಿಕೆ. ಮೂಗು ಸೋರತೊಡಗಿತು, ಕಣ್ಣಲ್ಲಿ ನೀರು, ಸೆಕೆಯಲ್ಲೂ ಮೈಮೇಲೆ ಮುಳ್ಳು. ಕಾಲು ಒಂದೆಡೆ ನಿಲ್ಲುತ್ತಿಲ್ಲ. ಹೆಂಡತಿ ಏನಾಯ್ತು ಅಂತ ಕೇಳಿದ್ದಕ್ಕೆ ಅವನ ಬಾಯಿಂದ ಬಂದ ಮಾತು: ‘ಮಾತ್ರೆ ಬೇಕು ಕಣೇ. ನಂಗೆ ಬೇಕು.’

ಹೇಳಿದವನೇ ಬಾಯಿ ಮುಚ್ಚಿಕೊಂಡ. ಈ ಮಾತನ್ನು ತಾನೆಲ್ಲೋ ಕೇಳಿದ್ದೇನಲ್ಲ ಅನಿಸಿತು. ಕೇಳಿದ್ದು ತನ್ನ ಮನೆಯ ಬಾಗಿಲಲ್ಲೇ.

ಮರುದಿನ ಮಾತ್ರೆ ಬಂತು, ರೈಟಣ್ಣ ಮುಟ್ಟಲಿಲ್ಲ. ಇವತ್ತು ಬಿಡ್ತೀನಿ ಅಂದ್ರೆ ಇವತ್ತೇ ಬಿಡಬಹುದು ಅನ್ನುವ ತನ್ನದೇ ಉಪದೇಶವನ್ನು ತನ್ನ ಮೇಲೇ ಪ್ರಯೋಗಿಸಿದ. ಆಮೇಲೆ ಅವನಿಗಾದದ್ದನ್ನು ವಿವರಿಸಿದರೆ ಅವನ ಮರ್ಯಾದೆ ಉಳಿಯುವುದಿಲ್ಲ. ಹೊಟ್ಟೆ ನುಲಿಯಿತು, ಬೆವರು ಹರಿಯಿತು, ಮೂಳೆ ಮೂಳೆ ನೋವು, ವಾಕರ್ ಹಿಡಿದು ಹಾಸಿಗೆಗೂ ಕಕ್ಕಸಿಗೂ ಟ್ರಿಪ್ ಹೊಡೆದದ್ದೇ ಹೊಡೆದದ್ದು. ಎರಡನೇ ದಿನದ ಹೊತ್ತಿಗೆ ಅವನು ಗೋಡೆಗೆ ಒರಗಿ ಕೂತು, ಸೋತ ದನಿಯಲ್ಲಿ ಘೋಷಿಸಿದ: ‘ಲೇ, ನಂಗೆ ಚಟ ಹತ್ತಿದೆ.’

ಹೆಂಡತಿಗೆ ಕನಿಕರವೂ ಇತ್ತು, ಹೊಟ್ಟೆಯೊಳಗಿನ ಸಿಟ್ಟೂ ಇತ್ತು. ಸಿಟ್ಟು ಮೊದಲು ಬಂತು. ‘ಹಾಗಾದ್ರೆ ನೀವೂ ಹೊರಡಿ. ಕಾನೂನು ಅಂದ್ಮೇಲೆ ಎಲ್ಲರಿಗೂ ಒಂದೇ ತಾನೆ?’

ಅವಳು ಚುಚ್ಚಲಿಕ್ಕೆ ಅಂದಿದ್ದು. ಆದರೆ ರೈಟಣ್ಣ ಡಿಪೋ ಮ್ಯಾನೇಜರ ಮಗನೇ ಹತ್ತಿದರೂ ಟಿಕೆಟ್ ಹರಿದವನು, ತನಗೆ ಮಾತ್ರ ಪಾಸ್ ಕೊಟ್ಟುಕೊಳ್ಳುತ್ತಾನೆಯೇ? ಎರಡು ಜೊತೆ ಬಟ್ಟೆ, ಗಡ್ಡದ ಸಾಮಾನು, ಒಂದು ಚೊಂಬು ಚೀಲಕ್ಕೆ ಹಾಕಿದ. ವಾಕರಿಗೆ ಚೀಲ ನೇತುಹಾಕಿ ಹೊಸಿಲು ದಾಟಿದ. ಹೆಂಡತಿ ‘ಅಯ್ಯೋ, ರೀ, ತಮಾಷೆಗೆ ಅಂದೆ’ ಅಂತ ಹಿಂದೆಯೇ ಬಂದಳು. ಅವನು ಕೇಳಲಿಲ್ಲ. ಅವಳು ಬೀಗ ಹಾಕಿಕೊಂಡು ಆಟೋ ಕರೆದಳು. ‘ಎಲ್ಲಿಗೆ?’ ಅಂದ ಆಟೋದವನು. ‘ಕುಡುಕರ ವಾರ್ಡಿಗೆ’ ಅಂದ ರೈಟಣ್ಣ, ಸೇರಿಕೊಳ್ಳಲು ಹೊರಟವನ ಗತ್ತಿನಲ್ಲಿ.

ವಾರ್ಡು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯ ಹಿಂದಿತ್ತು. ಹಜಾರದಲ್ಲಿ ನಾಲ್ಕು ಜನ ಕೇರಂ ಆಡುತ್ತಿದ್ದರು. ಒಂದು ಕಪ್ಪು ಕಾಯಿ ಕಳೆದುಹೋಗಿ, ಅದರ ಜಾಗಕ್ಕೆ ಯಾರೋ ಬಾಟಲಿ ಮುಚ್ಚಳ ಇಟ್ಟಿದ್ದರಂತೆ. ಆಟವೆಲ್ಲ ಆ ಮುಚ್ಚಳದ ಸುತ್ತಲೇ ಸುತ್ತತೊಡಗಿದ್ದಕ್ಕೆ ಸಿಸ್ಟರ್ ಅದನ್ನು ಕಿತ್ತು ಬಿಸಾಡಿ ಅಂಗಿಯ ಗುಂಡಿ ಕೊಟ್ಟಿದ್ದರು. ಮೂಲೆಯಲ್ಲಿ ಬಾಮೈದ ಒಗೆಯುವ ಮನೆಯವರ ಕೆಟ್ಟ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಅಕ್ಕನನ್ನು ನೋಡಿ ಮುಖ ಅರಳಿತು, ಭಾವನನ್ನು ನೋಡಿ ಎದ್ದು ನಿಂತ.

‘ಕೂತ್ಕೋ’ ಅಂದ ರೈಟಣ್ಣ. ‘ಇನ್ಮೇಲೆ ನಾವಿಬ್ಬರೂ ಒಂದೇ ಬಸ್ಸು.’

ಡಾಕ್ಟರಮ್ಮ ಕುಳ್ಳಗಿನ ಹೆಂಗಸು, ಚುರುಕು ಕಣ್ಣು. ರೈಟಣ್ಣನ ಮೂಗು ಸೋರುವುದನ್ನು, ತೋಳಿನ ಮೇಲೆ ಮುಳ್ಳೆದ್ದಿದ್ದನ್ನು ನೋಡಿದರು. ನಾಡಿ ಹಿಡಿದರು. ಪಕ್ಕದಲ್ಲಿ ಸಿಸ್ಟರ್ ನಿಂತಿದ್ದರು.

‘ಮಾತ್ರೆ ಬೇಕು ಅನ್ಸುತ್ತಾ?’

‘ಬೇಕೇ ಬೇಕು ಅನ್ಸುತ್ತೆ.’

‘ಇಲ್ಲದಿದ್ರೆ?’

‘ಆಗೋದೇ ಇಲ್ಲ.’

ಸಿಸ್ಟರ್ ಮಂಚಕ್ಕೆ ಹಾಸುವ ಬಟ್ಟೆ ತರಲು ಹೊರಟೇಬಿಟ್ಟರು. ಡಾಕ್ಟರಮ್ಮ ಕೈಯೆತ್ತಿ ತಡೆದರು. ‘ಸ್ವಲ್ಪ ನಿಲ್ಲಿ ಸಿಸ್ಟರ್. ಈ ಬೇಕು ಅನ್ನೋ ಪದ ನಮಗೆ ದಿನಾ ಮೋಸ ಮಾಡುತ್ತೆ.’ ರೈಟಣ್ಣನ ಕಡೆ ತಿರುಗಿದರು. ‘ಯಜಮಾನ್ರೇ, ಎಂಥ ಬೇಕು ನಿಮ್ಮದು?’

‘ಬೇಕಲ್ಲಿ ಎಷ್ಟು ಥರ ಇರುತ್ತೆ ಡಾಕ್ಟ್ರೇ? ಟಿಕೆಟ್ಟಲ್ಲಾದ್ರೆ ಫುಲ್ಲು, ಹಾಫು ಇರುತ್ತೆ.’

‘ಇದರಲ್ಲೂ ಇದೆ. ಮಾತ್ರೆ ಡಬ್ಬಿ ಕಂಡ್ರೆ ಮನಸ್ಸು ಅತ್ತ ಎಳೆಯುತ್ತಾ? ಬರೆದಿದ್ದಕ್ಕಿಂತ ಒಂದು ಹೆಚ್ಚು ತಗೊಂಡಿದ್ದೀರಾ? ಹೆಂಡತಿಗೆ ಗೊತ್ತಾಗದ ಹಾಗೆ?’

‘ಛೆ, ಅದನ್ನ ಯಾರು ಹೆಚ್ಚು ತಗೋತಾರೆ? ಅದು ನುಂಗಿದಾಗಿನಿಂದ ನನ್ನ ಹೊಟ್ಟೆ ಡಿಪೋ ಬಿಟ್ಟು ಹೊರಟೇ ಇರಲಿಲ್ಲ. ಈಗ ಬಿಟ್ಟಿದ್ದೇ ತಡ, ನಾನ್‌ಸ್ಟಾಪು.’

ಸಿಸ್ಟರ್ ಗೋಡೆಯ ಕಡೆ ತಿರುಗಿ ನಿಂತರು. ಡಾಕ್ಟರಮ್ಮ ನಗದೆ ಮುಂದುವರಿಸಿದರು. ‘ಎರಡೂ ಆ ಮಾತ್ರೆಯದೇ ಕೆಲಸ. ಸರಿ, ಕೊನೇ ಪ್ರಶ್ನೆ. ನಿಮ್ಮ ನೋವು ಹೋಗಿ, ಈ ಸಂಕಟ ಯಾವುದೂ ಆಗದ ಹಾಗೆ ನಾನು ನಿಲ್ಲಿಸಿಕೊಟ್ರೆ, ಆಮೇಲೆ ಮಾತ್ರೆ ಬೇಕಾ?’

‘ಯಾರಿಗೆ ಬೇಕು ಆ ದರಿದ್ರ.’

‘ಹಾಗಾದ್ರೆ ನಿಮಗೆ ಚಟ ಇಲ್ಲ. ಮನೆಗೆ ಹೋಗಿ.’

ರೈಟಣ್ಣನಿಗೆ ಸಮಾಧಾನವಾಗಬೇಕಿತ್ತು, ಅವಮಾನವಾಯಿತು. ಬಟ್ಟೆ ಚೊಂಬು ಕಟ್ಟಿಕೊಂಡು ಬಂದವನಿಗೆ ‘ಮನೆಗೆ ಹೋಗಿ’ ಅಂದರೆ? ‘ಇಲ್ಲ ಅಂದ್ರೆ ಹೇಗೆ ಡಾಕ್ಟ್ರೇ? ಎರಡು ದಿನ ನಾನು ಪಟ್ಟಿದ್ದು ಸುಳ್ಳಾ?’

‘ಸುಳ್ಳಲ್ಲ. ನಿಮ್ಮ ಮೈ ಮಾತ್ರೆಗೆ ಒಗ್ಗಿಹೋಗಿದೆ, ಅಷ್ಟೇ. ವಾರಗಟ್ಟಲೆ ದಿನಾ ತಗೊಂಡ್ರೆ ಯಾರ ಮೈಯಾದ್ರೂ ಒಗ್ಗುತ್ತೆ, ನನ್ನದೂ ಒಗ್ಗುತ್ತೆ. ಮಾತ್ರೆ ಕೆಲವು ನರಗಳನ್ನ ದಿನಾ ಅದುಮಿ ಹಿಡಿದಿರುತ್ತೆ, ಅವೂ ಸರಿದೂಗಿಸೋಕೆ ಒಳಗಿಂದ ಒತ್ತಿ ಒತ್ತಿ ನಿಂತಿರ್ತವೆ. ನೀವು ಥಟ್ ಅಂತ ಕೈ ತೆಗೆದ್ರಿ, ಅವೆಲ್ಲ ಒಟ್ಟಿಗೆ ಜಿಗಿದವು. ಮೂಗು, ಹೊಟ್ಟೆ, ಬೆವರು ಎಲ್ಲ ಅದೇ. ಕೆಲವು ಬೀಪಿ ಮಾತ್ರೆ ಹಠಾತ್ತಾಗಿ ಬಿಟ್ರೂ ಬೀಪಿ ಮೇಲಕ್ಕೆ ಹಾರುತ್ತೆ. ಯಾರಾದ್ರೂ ಬೀಪಿ ಮಾತ್ರೆ ಚಟ ಅಂತಾರಾ? ಇಂಥದನ್ನ ನಿಧಾನವಾಗಿ ಇಳಿಸಬೇಕು. ಓಡೋ ಬಸ್ಸಿಂದ ಹಾರಿದವರಿಗೆ ನೀವು ಏನಂತಿದ್ರಿ?’

‘ಬಯ್ತಿದ್ದೆ’ ಅಂದ ರೈಟಣ್ಣ.

‘ನಾನೂ ಬಯ್ಯಬೇಕು ಅಂತಿದ್ದೀನಿ. ಆದ್ರೆ ಒಂದು ಮಾತು. ಇದೇ ಮಾತ್ರೆಯಿಂದ ಕೆಲವರಿಗೆ ನಿಜವಾದ ಚಟವೂ ಹತ್ತುತ್ತೆ. ಅದಕ್ಕೇ ಇಷ್ಟೆಲ್ಲ ಕೇಳಿದ್ದು.’

‘ಹಾಗಾದ್ರೆ ನಿಜವಾದ್ದು ಹೇಗಿರುತ್ತೆ?’ ರೈಟಣ್ಣ ಕೇಳಿದ್ದು ಡಾಕ್ಟರನ್ನು. ಉತ್ತರ ಬಂದದ್ದು ಮೂಲೆಯಿಂದ.

ಬಾಮೈದ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ: ‘ಭಾವ, ನಂಗೆ ಆ ನಡುಕ, ಬೆವರು ಎಲ್ಲ ಇಲ್ಲಿಗೆ ಬಂದ ಮೊದಲ ವಾರವೇ ಮುಗೀತು. ಅದಕ್ಕೆ ಔಷಧಿ ಕೊಟ್ರು. ಆದ್ರೆ ಅದು ಮುಗಿದ ಮೇಲೂ ಬೇಕು ಅನ್ನೋದು ಮುಗೀಲಿಲ್ಲ. ಇನ್ನೊಂದು ಹೇಳ್ಲಾ? ಕೊನೆಕೊನೆಗೆ ಕುಡಿದದ್ದು ಒಂದು ಗುಟುಕೂ ಚೆನ್ನಾಗಿರ್ತಿರಲಿಲ್ಲ. ಇಷ್ಟವೇ ಇರಲಿಲ್ಲ. ಆದ್ರೂ ಬೇಕಿತ್ತು.’

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಹೊತ್ತಿಗೆ ಕಿಟಕಿಯಾಚೆ ರಸ್ತೆಯಲ್ಲಿ ಒಂದು ಸಿಟಿ ಬಸ್ಸು ಕಿರ್ರನೆ ಬ್ರೇಕು ಹಾಕಿ ನಿಂತಿತು.

‘ಗಡಿಯಾರ ಕಂಬ, ಗಡಿಯಾರ ಕಂಬ, ಇಳಿಯೋರು ಮುಂದೆ ಬನ್ನಿ’ ಎಂದಿತು ರೈಟಣ್ಣನ ಬಾಯಿ.

ಬಾಮೈದನ ಮುಖದ ರಕ್ತವೆಲ್ಲ ಇಳಿಯಿತು. ಗಂಟಲ ಮಣಿ ಮೇಲೆ ಕೆಳಗೆ ಆಡಿತು. ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತ, ಗೊತ್ತಿಲ್ಲದಂತೆ ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟು, ಹಾಗೇ ಗೋಡೆ ಹಿಡಿದು ನಿಂತ.

‘ಈಗೇನಂದ್ರಿ ಯಜಮಾನ್ರೇ?’ ಅಂದರು ಡಾಕ್ಟರಮ್ಮ.

‘ನಾನಾ? ಏನೂ ಅಂದಿಲ್ಲವಲ್ಲ.’

‘ಅಂದ್ರಿ’ ಅಂದಳು ಹೆಂಡತಿ. ‘ದಿನಾ ಅನ್ನೋದೇ.’

ಡಾಕ್ಟರಮ್ಮ ಮೊದಲು ಬಾಮೈದನನ್ನು ಕೂರಿಸಿ, ಉದ್ದಕ್ಕೆ ಉಸಿರೆಳೆಯಲು ಹೇಳಿ, ಆ ಅಲೆ ಇಳಿಯುವವರೆಗೂ ಅವನ ಪಕ್ಕದಲ್ಲೇ ಇದ್ದರು. ಅವನ ಮುಖಕ್ಕೆ ಬಣ್ಣ ಬಂದ ಮೇಲೆ ಕೇಳಿದರು: ‘ಈ ಮಾತು ನಿಮಗೆಲ್ಲಿಂದ ಗೊತ್ತು?’

‘ಕೆಲಸ ಮುಗಿಸಿ ಭಾವನ ಬಸ್ಸಿಗೇ ಹತ್ತುತ್ತಿದ್ದೆ, ವರ್ಷಗಟ್ಟಲೆ. ಇವರು ಗಡಿಯಾರ ಕಂಬ ಅಂತ ಕೂಗಿದ್ರೆ ಇಳಿಯೋದು, ಇಳಿದ್ರೆ ಎದುರಿಗೇ ಅಂಗಡಿ. ಆಮೇಲಾಮೇಲೆ ಅಂಗಡಿ ಕಾಣೋ ಮುಂಚೆನೇ, ಇವರ ದನಿ ಕೇಳಿದ್ರೇ ಎದೆ ಡವಡವ ಅನ್ನೋದು. ಬಾಯಲ್ಲಿ ನೀರು.’

‘ನನ್ನ ಗಂಟಲಾ?’ ಅಂದ ರೈಟಣ್ಣ.

‘ನಿಮ್ಮ ತಪ್ಪಲ್ಲ’ ಅಂದರು ಡಾಕ್ಟರಮ್ಮ. ‘ಕೇಳಿ. ಮಿದುಳಿನ ಬುಡದಲ್ಲಿ ಪುಟ್ಟ ಒಂದು ಗುಂಪು ಜೀವಕೋಶ ಇದೆ. ಅಲ್ಲಿಂದ ಮುಂಭಾಗಕ್ಕೆ ಒಂದು ದಾರಿ. ಆ ದಾರೀಲಿ ಓಡೋ ರಸಕ್ಕೆ ಡೋಪಮೈನ್ ಅಂತಾರೆ. ಅದು ಸುಖ ಅಂತ ಜನ ಅಂದ್ಕೋತಾರೆ, ಅಷ್ಟು ಸರಿಯಲ್ಲ. ಅದರ ಮುಖ್ಯ ಕೆಲಸ ಅಂದ್ರೆ, “ಇದನ್ನ ಬಿಡಬೇಡ, ಇದರ ಹಿಂದೆ ಹೋಗು” ಅಂತ ಕಲಿಸೋದು. ಹಸಿದಾಗ ಊಟ ಸಿಕ್ಕರೂ ಅದು ಓಡುತ್ತೆ, ಆದರೆ ದಿನಾ ಸಿಗೋ ಊಟ ಹಳತಾದ ಮೇಲೆ ಗಲಾಟೆ ನಿಲ್ಲಿಸುತ್ತೆ. ಹೆಂಡ ಪ್ರತಿ ಸಲ ಅದನ್ನ ಹೊಡೆದೆಬ್ಬಿಸುತ್ತೆ. ಹೊಡೆದೂ ಹೊಡೆದೂ, ಆ ರಸ ಕುಡಿದಾಗ ಏಳೋದರ ಬದಲು ಕುಡಿತದ ಸುಳಿವು ಸಿಕ್ಕಾಗಲೇ ಏಳೋಕೆ ಶುರುವಾಗುತ್ತೆ. ಇವರಿಗೆ ಸುಳಿವು ಗಡಿಯಾರ ಕಂಬ. ಇಷ್ಟ ಸವೆದುಹೋಗುತ್ತೆ, ಬೇಕು ಮಾತ್ರ ಬೆಳೀತಾ ಹೋಗುತ್ತೆ. ಬೇಡ ಅಂತ ತಡೀಬೇಕಾದ ಹಣೆಯ ಹಿಂದಿನ ಭಾಗವೂ ಸೊರಗಿರುತ್ತೆ. ಇದು ಮನಸ್ಸು ಸಡಿಲ ಇರೋರ ಕಥೆ ಅಲ್ಲ ಯಜಮಾನ್ರೇ.’

ರೈಟಣ್ಣ ವಾಕರಿನ ಹಿಡಿ ನೋಡುತ್ತ ಕೂತ. ಬಾಗಿಲ ಚೌಕಟ್ಟು ಹಿಡಿದಿದ್ದ ಆ ನಡುಗುವ ಕೈ ಅವನಿಗೆ ನೆನಪಾಯಿತು. ತಾನು ಹಾಕಿದ ಬಾಗಿಲೂ ನೆನಪಾಯಿತು. ಆಮೇಲೆ ಕೇಳಿದ: ‘ಮತ್ತೆ ನಾನು ಕೂಗಿದ್ದು? ಅದೂ ಚಟವಾ?’

‘ಕೂಗಬೇಕು ಅಂತ ಆಸೆ ಆಯ್ತಾ?’

‘ಕೂಗಿದ್ದೇ ಗೊತ್ತಿಲ್ಲ.’

‘ಕೂಗದಿದ್ರೆ ಸಂಕಟ ಆಗುತ್ತಾ?’

‘ಯಾಕಾಗುತ್ತೆ?’

‘ಅದು ಬರೀ ಅಭ್ಯಾಸ. ಕಲಿಯುವಾಗ ಅದಕ್ಕೂ ಡೋಪಮೈನ್ ಬೇಕಾಗಿತ್ತು. ಸಾವಿರಾರು ಸಲ ಮಾಡಿದ ಮೇಲೆ ಕೆಲಸ ಮಿದುಳಿನ ಇನ್ನೊಂದು ಭಾಗಕ್ಕೆ ವರ್ಗವಾಗುತ್ತೆ. ಅಲ್ಲಿ ಆಸೆ ಇಲ್ಲ, ಸಂಕಟ ಇಲ್ಲ. ಬ್ರೇಕ್ ಸದ್ದು, ಬಾಯಿ ಓಪನ್. ಚಟದಲ್ಲೂ ಅಭ್ಯಾಸ ಬೆರೆತಿರುತ್ತೆ, ಆದರೆ ಬರೀ ಅಭ್ಯಾಸ ಚಟ ಅಲ್ಲ.’

‘ನೋಡಿದ್ರಾ’ ಅಂದಳು ಹೆಂಡತಿ. ‘ನಲವತ್ತು ವರ್ಷ ಎಲ್ಲಕ್ಕೂ ಒಂದೇ ಟಿಕೆಟ್ ಹರಿದ್ರಿ.’

ಸ್ಟೂಲಿನಿಂದ ಬಿದ್ದಾಗಲೂ ರೈಟಣ್ಣನಿಗೆ ಇಷ್ಟು ನೇರವಾಗಿ ಏಟು ಬಿದ್ದಿರಲಿಲ್ಲ. ಅವನು ಚೀಲವನ್ನು ವಾಕರಿನಿಂದ ಬಿಚ್ಚಿ, ತನ್ನ ಸಾಮಾನು ಹೆಂಡತಿಯ ಕೈಗಿಟ್ಟು, ಖಾಲಿ ಚೀಲವನ್ನು ಬಾಮೈದನಿಗೆ ಕೊಟ್ಟ. ‘ಇದನ್ನ ಎತ್ಕೊ. ಬಿಡುಗಡೆ ಆದ ದಿನ ನಿನ್ನ ಬಟ್ಟೆ ಇದರಲ್ಲೇ ಹಾಕ್ಕೊಂಡು ಸೀದಾ ಮನೆಗೆ ಬಾ.’ ಆಮೇಲೆ ಅವನಿಗೇ ಹೊಳೆಯಿತು. ‘ಡಾಕ್ಟ್ರೇ, ಆದ್ರೆ ಮನೇಲಿ ದಿನಾ ಬೆಳಗ್ಗೆ ನಾನು...’

‘ಅದೇ ನಾನೂ ಯೋಚಿಸ್ತಿದ್ದೆ’ ಅಂದರು ಡಾಕ್ಟರಮ್ಮ. ‘ಮುಂದೊಂದು ದಿನ ಇವರಿಗೆ ಆ ಮಾತು ಕೇಳಿದರೂ ಏನೂ ಆಗದೇ ಇರಬಹುದು. ಸದ್ಯಕ್ಕೆ ಬೇಡ. ಅಭ್ಯಾಸ ಕೂಡ ಗದರಿಸಿದ್ರೆ ಹೋಗಲ್ಲ. ಅದನ್ನ ಎಬ್ಬಿಸೋ ಜಾಗ ಬದಲಿಸಬೇಕು, ಇಲ್ಲಾ ಅದರ ಜಾಗಕ್ಕೆ ಬೇರೆ ಏನಾದ್ರೂ ಕೂರಿಸಬೇಕು.’

ಮೂಳೆ ಡಾಕ್ಟರಿಗೆ ಫೋನು ಹೋಯಿತು. ಮಾತ್ರೆ ಮತ್ತೆ ಶುರುವಾಗಿ, ನಿಧಾನವಾಗಿ, ಒಂದೊಂದೇ ಮೆಟ್ಟಿಲಾಗಿ ಇಳಿಯತೊಡಗಿತು. ಯಾವಾಗ ಪೂರ್ತಿ ನಿಂತಿತೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಖಾಲಿ ಡಬ್ಬಿಯಲ್ಲಿ ಹೆಂಡತಿ ಪಿನ್ನು ಹಾಕಿಟ್ಟುಕೊಂಡಳು. ರೈಟಣ್ಣ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಕಷ್ಟವಾದದ್ದು ಬಾಯಿ. ಹೆಂಡತಿ ಗಡ್ಡದ ಕನ್ನಡಿಯನ್ನು ಹಿತ್ತಲಿಗೆ ವರ್ಗಾಯಿಸಿದಳು. ಸ್ಟಾಪುಗಳೂ ಹಿತ್ತಲಿಗೆ ಹೋದವು. ‘ಗಡಿ’ ಅನ್ನುವಷ್ಟರಲ್ಲಿ ಎಚ್ಚರಾಗಿ ಬಾಯಿ ಮುಚ್ಚಲು ಹೋಗಿ ಸೋಪಿನ ನೊರೆ ನುಂಗಿದ. ಇನ್ನೊಮ್ಮೆ ಕೆನ್ನೆ ಕುಯ್ದುಕೊಂಡ. ‘ಅವನದು ಎಷ್ಟು ಕಷ್ಟವೋ ಏನೋ, ನಂದು ಬರೀ ಅಭ್ಯಾಸ, ಅದಕ್ಕೇ ಪ್ರಾಣ ಹೋಗ್ತಿದೆ’ ಅಂತ ಕೆನ್ನೆಗೆ ಹತ್ತಿ ಒತ್ತಿಕೊಂಡು ಹೆಂಡತಿಯ ಮುಂದೆ ಹೇಳಿಕೊಂಡ. ಉಪದೇಶ ಮಾಡುತ್ತಿದ್ದ ಬಾಯಿಂದ ಇಂಥ ಮಾತು ಅವಳು ಕೇಳಿದ್ದು ಮೊದಲ ಸಲ. ಅವಳು ಒಳಗೆ ಹೋಗಿ ಕೆನ್ನೆಗೆ ಹಚ್ಚಲು ಅರಿಶಿನ ತಂದಳು.

ಬಾಮೈದ ಬಂದ. ಮುಂದಿನ ಕೋಣೆಯಲ್ಲಿ ಅವನ ಹಾಸಿಗೆ, ಕಿಟಕಿಯ ಬಳಿ ರಿಪೇರಿಗೆ ಬಂದ ಯಂತ್ರ. ಬಯಕೆ ತಗ್ಗಿಸುವ ಮಾತ್ರೆಯೊಂದನ್ನು ಬೆಳಗ್ಗೆ ನುಂಗುತ್ತಿದ್ದ, ಹೇಳಿದಂತೆ ವಾರ್ಡಿಗೂ ಹೋಗಿಬರುತ್ತಿದ್ದ. ಕೆಲವು ಸಂಜೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಆಗ ರೈಟಣ್ಣ ಏನೂ ಹೇಳದೆ ವಾಕರ್ ಹಿಡಿದು ‘ಬಾರೋ, ಕಾಲು ಆಡಿಸ್ಕೊಂಡು ಬರೋಣ’ ಅಂತ ಕರೆಯುತ್ತಿದ್ದ. ಇಬ್ಬರೂ ಗಡಿಯಾರ ಕಂಬಕ್ಕೆ ಬೆನ್ನು ಹಾಕಿ ನಡೆಯುತ್ತಿದ್ದರು.

ಒಂದು ಬೆಳಗ್ಗೆ ಹಿತ್ತಲಲ್ಲಿ ಗಡ್ಡ ಶುರುವಾಯಿತು. ಬಾಮೈದ ಮಾತ್ರೆ ನುಂಗಲು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಡುಗೆಮನೆಯಲ್ಲಿ ಅಕ್ಕ ಕಿವಿ ನಿಮಿರಿಸಿದಳು.

‘ಮಾರ್ಕೆಟ್’ ಅಂದಿತು ಹಿತ್ತಲು. ‘ಪೋಸ್ಟಾಫೀಸು. ಹೈಸ್ಕೂಲು.’

ಕತ್ತಿ ಗದ್ದದ ಕೆಳಗೆ ನಿಂತಿತು. ಲೋಟವೂ ಬಾಯಿಯ ಹತ್ತಿರ ನಿಂತಿತು.

‘ರೈಟ್ ರೈಟ್, ಹೋಗ್ಲಿ, ಹೋಗ್ಲಿ’ ಅಂದ ರೈಟಣ್ಣ. ‘ಹಳೇ ಆಸ್ಪತ್ರೆ. ರೈಲ್ವೆ ಗೇಟು.’

ಬಾಮೈದ ನೀರು ಕುಡಿದು ಲೋಟ ಇಳಿಸಿದ. ‘ಭಾವ, ಒಂದು ಸ್ಟಾಪು ಬಿಟ್ರಿ.’

ರೈಟಣ್ಣ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ‘ಇದು ಎಕ್ಸ್‌ಪ್ರೆಸ್ ಕಣೋ’ ಅಂದ. ‘ಅಲ್ಲಿ ನಿಲ್ಲಲ್ಲ.’